ಸೀಲ್ ಒಡೆಯದ ಪ್ಯಾಕೆಟ್‌ನ ಬಿಸ್ಕತ್ತಿನೊಳಗೆ ತಂತಿ: ಬ್ಯಾಚ್ 17043 ಬಗ್ಗೆ ದೂರು

ಜೂನ್ 12, 2025
ಟಿ. ದಾಸರಹಳ್ಳಿ, ಬೆಂಗಳೂರು 560057

ಗೆ,
ಗುಣಮಟ್ಟ ವಿಭಾಗದ ಮುಖ್ಯಸ್ಥರು
(ಪ್ರತಿ: ಗ್ರಾಹಕ ಸೇವಾ ವಿಭಾಗ)

ಮಾನ್ಯರೇ,

ನಿಮ್ಮ ಗ್ಲೂಕೋಸ್ ಬಿಸ್ಕತ್ತಿನ 250 ಗ್ರಾಂ ಪ್ಯಾಕೆಟ್‌ನಲ್ಲಿ, ಒಂದು ಬಿಸ್ಕತ್ತಿನೊಳಗೆ ಸ್ಟೀಲ್ ತಂತಿ ಸಿಕ್ಕಿದೆ. ಬ್ಯಾಚ್ ನಂಬರ್ 17043, ಪ್ಯಾಕ್ ಮಾಡಿದ ದಿನ 17-04-2025, ಎಂ.ಆರ್.ಪಿ. ₹30. ಜೂನ್ 7ರ ಸಂಜೆ ನಮ್ಮ ಬೀದಿಯ ದಿನಸಿ ಅಂಗಡಿಯಿಂದ ತಂದಿದ್ದು. ಅಲ್ಲಿ ಬಿಲ್ ಕೊಡುವುದಿಲ್ಲ, ಯುಪಿಐನಲ್ಲಿ ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಇದೆ.

ಮರುದಿನ ಭಾನುವಾರ ಬೆಳಿಗ್ಗೆ ಪ್ಯಾಕೆಟ್‌ನ ಒಂದು ತುದಿಯನ್ನು ನಾನೇ ಕತ್ತರಿಯಲ್ಲಿ ಕತ್ತರಿಸಿದೆ. ಇನ್ನೊಂದು ತುದಿಯ ಸೀಲ್ ಈಗಲೂ ಹಾಗೇ ಇದೆ (ಫೋಟೋ 1). ನಮ್ಮ ಅಮ್ಮನಿಗೆ 71 ವರ್ಷ, ಹಲ್ಲಿನ ಸೆಟ್ ಹಾಕುತ್ತಾರೆ, ಹಾಗಾಗಿ ಬಿಸ್ಕತ್ತನ್ನು ಟೀಯಲ್ಲಿ ಅದ್ದದೆ ತಿನ್ನುವುದಿಲ್ಲ. ಮೂರನೆಯ ಬಿಸ್ಕತ್ತನ್ನು ಸ್ವಲ್ಪ ಜಾಸ್ತಿ ಹೊತ್ತು ಅದ್ದಿದರು. ನೆಂದ ಅರ್ಧ ಮುರಿದು ಲೋಟಕ್ಕೆ ಬೀಳಬೇಕಿತ್ತು, ಬೀಳಲಿಲ್ಲ. ಕೈಯಲ್ಲಿದ್ದ ಅರ್ಧಕ್ಕೆ ಜೋತು ಬಿದ್ದು ತೂಗಾಡುತ್ತಿತ್ತು. "ಇದೇನೋ ಇದು, ಕೂದಲಾ?" ಅಂದರು. ನೋಡಿದರೆ ತಂತಿ (ಫೋಟೋ 2). ಅವತ್ತು ಅದು ಇನ್ನೊಂದು ಸೆಕೆಂಡ್ ಕಡಿಮೆ ನೆಂದಿದ್ದರೆ ನೇರ ಬಾಯಿಗೆ ಹೋಗುತ್ತಿತ್ತು.

ಸೋಮವಾರ ನಿಮ್ಮ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದರು, ಅವರ ಮೇಲೆ ದೂರಿಲ್ಲ. ಆದರೆ ಕೇಳಿದ್ದು ಇಷ್ಟು: "ಸರ್, ಮನೇಲಿ ಡಬ್ಬಿಗೆ ಹಾಕುವಾಗ ಬಿದ್ದಿರಬಹುದಾ?" ಆಮೇಲೆ, ಹೊಸ ಪ್ಯಾಕೆಟ್‌ಗಳ ಬಾಕ್ಸ್ ಒಂದನ್ನು ಕಳಿಸುತ್ತೇವೆ, ಈ ಪ್ಯಾಕೆಟ್ ಕೊರಿಯರ್ ಮಾಡಿ ಅಂದರು. ಈ ಪತ್ರ ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪೀಣ್ಯದಲ್ಲಿ ಮೆಷಿನ್ ಮೆಂಟೆನೆನ್ಸ್ ಕೆಲಸ ಮಾಡುವವನು, 18 ವರ್ಷವಾಯಿತು. ತಂತಿಯನ್ನು ಸುಮ್ನೆ ನೋಡಿ ಬಿಡಲಿಲ್ಲ. ವರ್ನಿಯರ್‌ನಲ್ಲಿ ಅಳೆದೆ: ಉದ್ದ 19 ಮಿ.ಮೀ., ದಪ್ಪ 0.3 ಮಿ.ಮೀ. (ಫೋಟೋ 3). ಅಯಸ್ಕಾಂತಕ್ಕೆ ತುಂಬಾ ಸಣ್ಣಗೆ ಎಳೆಯುತ್ತದೆ, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಇರಬೇಕು. ಬೆಳಕಿಗೆ ಹಿಡಿದರೆ ತಂತಿ ನೆಟ್ಟಗಿಲ್ಲ, ಒಂದೇ ಅಳತೆಯ ಸಣ್ಣ ಸಣ್ಣ ಅಲೆಗಳಿವೆ (ಫೋಟೋ 4, ಹತ್ತಿರದಿಂದ ತೆಗೆದದ್ದು). ನೇಯ್ದ ಜಾಲರಿಯಿಂದ ಕಿತ್ತುಬಂದ ಎಳೆಗೆ ಮಾತ್ರ ಹಾಗಿರುತ್ತದೆ. ಬಿಸ್ಕತ್ತಿನ ಒಣ ಅರ್ಧದಲ್ಲಿ ತಂತಿ ಕೂತಿದ್ದ ಜಾಗದಲ್ಲಿ ಅದೇ ಅಲೆಯ ಅಚ್ಚು ಮೂಡಿದೆ (ಫೋಟೋ 5). ಹಿಟ್ಟು ಹಸಿಯಾಗಿದ್ದಾಗಲೇ ಒಳಗೆ ಸೇರಿ, ಜೊತೆಗೇ ಬೆಂದಿದೆ. ನಮ್ಮ ಮನೆಯ ಡಬ್ಬಿಯಲ್ಲಿ ಇದು ಆಗುವುದಿಲ್ಲ ಅಲ್ವಾ? ಅಂಗಡಿಯವರದೂ ತಪ್ಪಿಲ್ಲ, ದಯವಿಟ್ಟು ಅವರನ್ನು ಹಿಡಿದು ಕೇಳಬೇಡಿ.

ನನ್ನ ಅನುಮಾನ ನಿಮ್ಮ ಮೈದಾ ಅಥವಾ ಸಕ್ಕರೆ ಪುಡಿ ಜರಡಿಯ ಮೇಲಿದೆ. ತಪ್ಪಿದ್ದರೆ ತಿಳಿಸಿ. ಆದರೆ ಜರಡಿ ಹರಿದಿದ್ದರೆ ಒಂದೇ ಎಳೆ ಬಿದ್ದು ನಿಲ್ಲುವುದಿಲ್ಲ. ಲೈನ್ ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಇದೆ ಅನ್ನುತ್ತೀರಿ. ಇರಬಹುದು. ತೆಳು ಸ್ಟೇನ್‌ಲೆಸ್ ತಂತಿ ಅದರೊಳಗೆ ಯಾವ ದಿಕ್ಕಿಗೆ ಮಲಗಿ ಹೋಗುತ್ತದೆ ಅನ್ನುವುದರ ಮೇಲೆ ಸಿಗುವುದು, ತಪ್ಪಿಸಿಕೊಳ್ಳುವುದು ನಿಂತಿದೆ. ಇದು ನಿಮ್ಮ ಮೆಂಟೆನೆನ್ಸ್‌ನವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನನಗೆ ಬಿಸ್ಕತ್ತಿನ ಬಾಕ್ಸ್ ಬೇಡ. ಕಳಿಸಿದರೆ ವಾಪಸ್ ಮಾಡುತ್ತೇನೆ. ಏಪ್ರಿಲ್ 17ರಂದು ಆ ಲೈನ್‌ನಲ್ಲಿ ಜರಡಿ ಚೆಕ್ ಮಾಡಿದ್ದರಾ, ಯಾವಾಗ ಬದಲಾಯಿಸಿದರು, ಡಿಟೆಕ್ಟರ್‌ನ ಟೆಸ್ಟ್ ದಾಖಲೆ ಏನು ಹೇಳುತ್ತದೆ ಅಂತ ಬರಹದಲ್ಲಿ ತಿಳಿಸಿ. ಆ ಬ್ಯಾಚ್‌ನ ಉಳಿದ ಪ್ಯಾಕೆಟ್‌ಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಳ್ಳುತ್ತೀರಾ ಇಲ್ಲವಾ ಅನ್ನುವುದನ್ನೂ ಹೇಳಿ. ಮಕ್ಕಳ ಟಿಫನ್ ಡಬ್ಬಿಗೆ ಹೋಗುವ ಬಿಸ್ಕತ್ತು ಇದು.

ತಂತಿ, ಬಿಸ್ಕತ್ತಿನ ಎರಡು ತುಂಡು, ಉಳಿದ ಬಿಸ್ಕತ್ತುಗಳ ಜೊತೆ ಪ್ಯಾಕೆಟ್, ಎಲ್ಲವನ್ನೂ ಜಿಪ್ ಕವರ್‌ನಲ್ಲಿ ಹಾಕಿ ಇಟ್ಟಿದ್ದೇನೆ (ಫೋಟೋ 6). ಕೊರಿಯರ್ ಮಾಡುವುದಿಲ್ಲ. ನಿಮ್ಮವರು ಮನೆಗೆ ಬಂದು ನೋಡಲಿ, ಅಳೆಯಲಿ. ಪರೀಕ್ಷೆಗೆ ಬೇಕಿದ್ದರೆ ಬಿಸ್ಕತ್ತಿನ ಒಂದು ತುಂಡನ್ನು ರಸೀದಿ ಕೊಟ್ಟು ತೆಗೆದುಕೊಂಡು ಹೋಗಲಿ. ತಂತಿ ಮಾತ್ರ ನನ್ನ ಹತ್ತಿರವೇ ಇರುತ್ತದೆ.

15 ದಿನ ಕಾಯುತ್ತೇನೆ, ಅಂದರೆ ಜೂನ್ 27ರವರೆಗೆ. ಉತ್ತರ ಬರದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೂ, 1915 ಗ್ರಾಹಕ ಸಹಾಯವಾಣಿಗೂ ಇದೇ ಫೋಟೋಗಳೊಂದಿಗೆ ದೂರು ಕೊಡುತ್ತೇನೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 54ನೇ ಸೆಕ್ಷನ್‌ನಲ್ಲಿ, ತಿನ್ನುವ ಪದಾರ್ಥದಲ್ಲಿ ಬೇರೆ ವಸ್ತು ಸಿಕ್ಕರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಅಲ್ಲಿಗೆ ಹೋಗಬೇಕು ಅಂತ ನನಗೇನೂ ಆಸೆಯಿಲ್ಲ, ರಜೆ ಹಾಕಿ ಓಡಾಡಬೇಕಾಗುತ್ತದೆ.

ನನ್ನ ಫೋನ್ ನಂಬರ್ ಸೋಮವಾರದ ಕರೆಯಲ್ಲಿ ನಿಮ್ಮಲ್ಲಿ ದಾಖಲಾಗಿದೆ. ಸಂಜೆ ಆರರ ಮೇಲೆ ಮಾಡಿ, ಶಾಪ್‌ನಲ್ಲಿ ಮೆಷಿನ್ ಸದ್ದಿಗೆ ಏನೂ ಕೇಳುವುದಿಲ್ಲ.

ಇಂತಿ,
ರಮೇಶ

ಲಗತ್ತು: 6 ಫೋಟೋಗಳು, ಯುಪಿಐ ಸ್ಕ್ರೀನ್‌ಶಾಟ್