ಸರಳರೇಖೆಯ ಇಳಿಜಾರು: ಕರ್ಜತ್ ಘಾಟಿನಿಂದ ಆಟೋ ಮೀಟರಿನವರೆಗೆ

ವಿಡಿಯೊ ಪಾಠದ ಪಠ್ಯ. ಅವಧಿ: ಸುಮಾರು 5 ನಿಮಿಷ. ಮುಂಬಯಿಯಲ್ಲಿ 17ನೇ ನಂಬರ್ ಅರ್ಜಿ ತುಂಬಿ ಹತ್ತನೇ ತರಗತಿ ಪರೀಕ್ಷೆಗೆ ಕೂರುವ ಕನ್ನಡ ಮಾಧ್ಯಮದ ವಯಸ್ಕರಿಗೆ.

[ಪರದೆ: ಶಿಕ್ಷಕಿ, ಪಕ್ಕದಲ್ಲಿ ಕಪ್ಪು ಹಲಗೆ]

ನಮಸ್ಕಾರ. ಹೋಟೆಲಿನ ಪಾಳಿ ಮುಗಿಸಿ ಬಂದವರು, ಮಕ್ಕಳನ್ನು ಮಲಗಿಸಿ ಪುಸ್ತಕ ತೆರೆದವರು, ಎಲ್ಲರಿಗೂ ಸ್ವಾಗತ. ಒಂದು ಗ್ರಾಫ್ ಹಾಳೆ, ಪೆನ್ಸಿಲ್ ಹತ್ತಿರವಿಟ್ಟುಕೊಳ್ಳಿ. ಇಂದಿನ ವಿಷಯ ಇಳಿಜಾರು. ಗಣಿತ ಭಾಗ ಎರಡರಲ್ಲಿ, ಅಂದರೆ 40 ಅಂಕಗಳ ಭೂಮಿತಿ ಪತ್ರಿಕೆಯಲ್ಲಿ, ಇದು ಬರುತ್ತದೆ.

[ಪರದೆ: ಘಾಟಿನ ರೈಲು ಹಳಿಯ ಚಿತ್ರ]

ಊರಿಗೆ ಹೋಗಲು ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದವರಿಗೆ ಕರ್ಜತ್ ಗೊತ್ತು. ಅಲ್ಲಿಂದ ಲೋನಾವಳಾದ ಕಡೆಗೆ ಭೋರ್ ಘಾಟ್ ಏರಬೇಕು. 1863ರಲ್ಲಿ ತೆರೆದ ಈ ಘಾಟ್ ಮಾರ್ಗದಲ್ಲಿ ಅನೇಕ ಗಾಡಿಗಳಿಗೆ ಹಿಂದಿನಿಂದ ತಳ್ಳುವ ಹೆಚ್ಚುವರಿ ಎಂಜಿನ್ ಬೇಕಾಗುತ್ತದೆ. ಇಲ್ಲಿನ ಅತಿ ಕಡಿದಾದ ಏರನ್ನು ರೈಲ್ವೆಯವರು ‘37ಕ್ಕೆ 1’ ಎನ್ನುತ್ತಾರೆ. 37 ಮೀಟರ್ ಮುಂದೆ ಸಾಗಿದರೆ ಹಳಿ 1 ಮೀಟರ್ ಮೇಲೇರುತ್ತದೆ.

ಇಳಿಜಾರು ಎಂದರೆ ಇಷ್ಟೇ: ಎಷ್ಟು ಮುಂದೆ ಹೋದಾಗ ಎಷ್ಟು ಮೇಲೆ ಹೋದೆವು? ಮೇಲೇರಿದ್ದನ್ನು ಮುಂದೆ ಸಾಗಿದ್ದರಿಂದ ಭಾಗಿಸಿ.

[ಪರದೆ: ಗ್ರಾಫ್ ಹಾಳೆಯಲ್ಲಿ (37, 1) ಮತ್ತು (111, 3) ಬಿಂದುಗಳು, ಅವುಗಳ ನಡುವೆ ರೇಖೆ]

ಮೊದಲ ಬಿಂದುವಿನಿಂದ ಎರಡನೆಯದಕ್ಕೆ 74 ಮೀಟರ್ ಮುಂದೆ, 2 ಮೀಟರ್ ಮೇಲೆ. 2/74 ಎಂದರೆ ಮತ್ತೆ 1/37. ಅದೇ ರೇಖೆಯ ಮೇಲೆ ಬೇರೆ ಯಾವ ಎರಡು ಬಿಂದುಗಳನ್ನು ಆರಿಸಿದರೂ ಉತ್ತರ ಬದಲಾಗುವುದಿಲ್ಲ. ಹಾಗೆ ಬದಲಾಗದಿರುವುದರಿಂದಲೇ ಅದನ್ನು ಸರಳರೇಖೆ ಎನ್ನುತ್ತೇವೆ. ಇದನ್ನು ನಂಬಬೇಡಿ, ಹಾಳೆಯ ಮೇಲೆ ನೀವೇ ಎಣಿಸಿ ನೋಡಿ.

[ಪರದೆ: ಸೂತ್ರ]

m = (y₂ − y₁) / (x₂ − x₁)

ಚಿಕ್ಕ ಅಂಕಿಗಳನ್ನು ಕಂಡು ಗಾಬರಿಯಾಗಬೇಡಿ. ಅವು ‘ಒಂದನೇ ಬಿಂದು’, ‘ಎರಡನೇ ಬಿಂದು’ ಎಂಬ ಗುರುತು ಮಾತ್ರ, ಅವುಗಳಿಂದ ಗುಣಿಸಬೇಕಾಗಿಲ್ಲ. ಅಂಶದಲ್ಲಿ y, ಛೇದದಲ್ಲಿ x.

[ಪರದೆ: A(2, 7), B(6, −1). ಶಿಕ್ಷಕಿ ಹಲಗೆಯ ಮೇಲೆ ಬರೆಯುತ್ತಾರೆ]

ಈಗ ನಿಧಾನವಾಗಿ ಹೋಗೋಣ, ಅಂಕಗಳು ಕೈತಪ್ಪುವುದು ಇಲ್ಲಿಯೇ.

m = (−1 − 7) / (6 − 2) = −8/4 = −2

ಉತ್ತರ ಋಣವಾಗಿದೆ. ಎಡದಿಂದ ಬಲಕ್ಕೆ ಹೋದಂತೆ ರೇಖೆ ಕೆಳಗಿಳಿಯುತ್ತಿದೆ ಎಂದು ಅದರ ಅರ್ಥ. ಚಿತ್ರ ನೋಡಿ, ಹೌದು, ಇಳಿಯುತ್ತಿದೆ. ಈಗ B ಬಿಂದುವನ್ನೇ ಮೊದಲನೆಯದು ಎಂದುಕೊಳ್ಳೋಣ:

m = (7 − (−1)) / (2 − 6) = 8/(−4) = −2

7ರಿಂದ ಋಣ 1ನ್ನು ಕಳೆದರೆ 8 ಆಗುತ್ತದೆ, 6 ಅಲ್ಲ. ಕೆಳಗಿನ −1ರಿಂದ ಮೇಲಿನ 7ರವರೆಗೆ ಗ್ರಾಫಿನ ಮನೆಗಳನ್ನು ಬೆರಳಿಟ್ಟು ಎಣಿಸಿ, ಎಂಟು ಸಿಗುತ್ತವೆ. ಬಿಂದುಗಳ ಕ್ರಮ ಬದಲಾದರೂ ಉತ್ತರ ಅದೇ. ಆದರೆ ಮೇಲೆ Bಯಿಂದ Aಯನ್ನು ಕಳೆದು, ಕೆಳಗೆ Aಯಿಂದ Bಯನ್ನು ಕಳೆದರೆ +2 ಬರುತ್ತದೆ, ಇಳಿಯುವ ರೇಖೆ ಕಾಗದದ ಮೇಲೆ ಏರುವ ರೇಖೆಯಾಗಿಬಿಡುತ್ತದೆ. ಆದ್ದರಿಂದ ಮೇಲೆ ಯಾವ ಬಿಂದುವಿನಿಂದ ಆರಂಭಿಸಿದಿರೋ ಕೆಳಗೂ ಅದರಿಂದಲೇ ಆರಂಭಿಸಿ. ಲೆಕ್ಕದ ಪಕ್ಕದಲ್ಲಿ ಒಂದು ಪುಟ್ಟ ಚಿತ್ರ ಬರೆದುಕೊಳ್ಳಿ. ಅರ್ಧ ನಿಮಿಷದ ಆ ಚಿತ್ರ ಚಿಹ್ನೆಯ ತಪ್ಪನ್ನು ಕೂಡಲೇ ತೋರಿಸುತ್ತದೆ.

[ಪರದೆ: ಒಂದು ಅಡ್ಡ ರೇಖೆ, ಒಂದು ಲಂಬ ರೇಖೆ]

ಅಡ್ಡ ರೇಖೆಗೆ ಏರಿಕೆಯೇ ಇಲ್ಲ, ಇಳಿಜಾರು 0. ಲಂಬ ರೇಖೆಯಲ್ಲಿ ಮುಂದೆ ಸಾಗಿದ್ದೇ ಇಲ್ಲ, ಛೇದ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ಹಾಗಾಗಿ ಅದರ ಇಳಿಜಾರನ್ನು ಹೇಳಲು ಬರುವುದಿಲ್ಲ. ಉತ್ತರ 0 ಎಂದು ಬರೆಯಬೇಡಿ, ‘ನಿರ್ಧರಿಸಲಾಗದು’ ಎಂದು ಬರೆಯಿರಿ.

[ಪರದೆ: ಆಟೋ ಮೀಟರ್]

ಕೊನೆಯ ಲೆಕ್ಕ ನಿಮ್ಮದು. 2025ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ದರದಂತೆ ಮುಂಬಯಿಯಲ್ಲಿ ಆಟೋ ಹತ್ತಿದರೆ ಮೊದಲ 1.5 ಕಿಲೋಮೀಟರಿಗೆ 26 ರೂಪಾಯಿ. 11.5 ಕಿಲೋಮೀಟರಿಗೆ ಸುಮಾರು 197. ದೂರವನ್ನು x, ಬಾಡಿಗೆಯನ್ನು y ಎಂದಿಟ್ಟುಕೊಳ್ಳಿ. (1.5, 26) ಮತ್ತು (11.5, 197) ಬಿಂದುಗಳ ನಡುವಿನ ರೇಖೆಯ ಇಳಿಜಾರು ಎಷ್ಟು? ವಿಡಿಯೊ ನಿಲ್ಲಿಸಿ, ಮಾಡಿ.

[ಪರದೆ: 10 ಸೆಕೆಂಡ್ ಮೌನ, ಬಳಿಕ ಉತ್ತರ]

m = (197 − 26) / (11.5 − 1.5) = 171/10 = 17.1

ಇದು ಒಂದೊಂದು ಕಿಲೋಮೀಟರಿಗೂ ಏರುವ ಬಾಡಿಗೆ. ನಿಗದಿಯಾದ ದರ 17.14 ರೂಪಾಯಿ, ಬಾಡಿಗೆಯನ್ನು ಪೂರ್ಣ ರೂಪಾಯಿಗೆ ಸರಿಹೊಂದಿಸಿದ್ದರಿಂದ ನಮಗೆ 17.1 ಸಿಕ್ಕಿತು. ಮೊದಲ ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಮೀಟರ್ 26ರಲ್ಲೇ ನಿಂತಿರುತ್ತದೆಯಲ್ಲ, ಆ ಭಾಗದ ಇಳಿಜಾರು ಎಷ್ಟು ಎಂದು ಈಗ ನೀವೇ ಹೇಳಬಲ್ಲಿರಿ.