ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಕರ್ತನಲ್ಲಿ ಪ್ರಿಯ ಸಭಾಪಾಲಕರೇ, ಅಮ್ಮನವರೇ,

ಒಂದನೆಯ ಅರಸುಗಳು 19ನೆಯ ಅಧ್ಯಾಯವನ್ನು ನಾವೆಲ್ಲರೂ ಎಷ್ಟೋ ಸಾರಿ ಬೋಧಿಸಿದ್ದೇವೆ. ಇಂದು ಅದನ್ನು ನಮಗಾಗಿ ಓದೋಣ.

ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದದ್ದನ್ನು ಕಂಡ ಎಲೀಯನು ಈಜೆಬೆಲಳ ಒಂದು ಮಾತಿಗೆ ಬೆದರಿ ಓಡುತ್ತಾನೆ. ಆಳನ್ನು ಬೇರ್ಷೆಬದಲ್ಲಿ ಬಿಟ್ಟು, ಒಬ್ಬನೇ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸಲಿಲ್ಲ, ವಿಶ್ವಾಸ ಸಾಲದು ಎನ್ನಲಿಲ್ಲ. ಮಲಗಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೆಯ ಊಟವಾದ ಮೇಲೆಯೇ ಹೋರೇಬಿನ ನಲವತ್ತು ದಿನದ ದಾರಿ. ದೇವರ ಪ್ರಶ್ನೆ ಬಂದದ್ದು ಅದರ ನಂತರ.

ಕೆಲವು ವರ್ಷಗಳ ಹಿಂದೆ ಒಂದು ಶವಸಂಸ್ಕಾರದಲ್ಲಿ ನಾನು ತೀರಿಹೋದ ತಾಯಿಯ ಬದಲು ಹಿಂದಿನ ವಾರ ಮಣ್ಣು ಮಾಡಿದ್ದ ಮತ್ತೊಬ್ಬರ ಹೆಸರು ಹೇಳಿದೆ. ಸಮಾಧಿಯ ಪಕ್ಕ ನಿಂತಿದ್ದ ಮಗ ತಲೆಯೆತ್ತಿ ನನ್ನನ್ನು ನೋಡಿದ. ಏನೂ ಅನ್ನಲಿಲ್ಲ. ಆ ವಾರ ಮೂರು ಮನೆ ಪ್ರಾರ್ಥನೆ, ಒಂದು ಮದುವೆ, ಎರಡು ಆಸ್ಪತ್ರೆ, ಶುಕ್ರವಾರ ಉಪವಾಸ ಕೂಟ. ರಾತ್ರಿ ಮನೆಗೆ ಬಂದರೆ ಮುಚ್ಚಿಟ್ಟ ತಟ್ಟೆ, ಮಲಗಿಬಿಟ್ಟ ಮಕ್ಕಳು. ಅದನ್ನು ನಾನು ಸಮರ್ಪಣೆ ಎಂದುಕೊಂಡಿದ್ದೆ. ಆ ಮಗನ ಕಣ್ಣಿನಲ್ಲಿ ಅದು ಏನಾಗಿತ್ತೆಂದು ನನಗೆ ಗೊತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಬಳಲಿಕೆಯನ್ನು ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದು ವಿವರಿಸಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಏನು ಮಾಡಿದರೂ ಸಾಗುತ್ತಿಲ್ಲ ಎನ್ನಿಸುವುದು. ಸಭೆಯವರ ಫೋನ್ ಬಂದಾಗ ಕನಿಕರಕ್ಕೆ ಮೊದಲು ಬೇಸರ ಬರುತ್ತಿದ್ದರೆ, ಅಯ್ಯನವರೇ, ದಯವಿಟ್ಟು ಅದನ್ನು ಪಾಪವೆಂದು ಮುಚ್ಚಿಡಬೇಡಿ. ನಿದ್ದೆಯಿಲ್ಲದೆ ಎರಡು ವಾರ ಕಳೆದಿದ್ದರೆ ವೈದ್ಯರ ಬಳಿ ಹೋಗಿ.

“ನಾನಿಲ್ಲದಿದ್ದರೆ ಸಭೆ ನಡೆಯುವುದಿಲ್ಲ” ಎನ್ನುತ್ತೇವೆ. ಎಲೀಯನೂ ನಾನೊಬ್ಬನೇ ಉಳಿದಿದ್ದೇನೆ ಎಂದ. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದರು, ಎಲೀಷನೂ ಹೊಲದಲ್ಲಿ ಉಳುತ್ತಿದ್ದ. ನಿಮ್ಮ ಹಿರಿಯರಲ್ಲಿ ಆಸ್ಪತ್ರೆಗೆ ಹೋಗಿ ಪ್ರಾರ್ಥಿಸಬಲ್ಲವರು ಇಬ್ಬರಾದರೂ ಇದ್ದಾರೆ. ಸೋಮವಾರ ನಿಮ್ಮ ರಜೆ ಎಂದು ಈ ಭಾನುವಾರವೇ ಪ್ರಕಟಣೆಯಲ್ಲಿ ಹೇಳಿ, ಅಂದು ಕರೆ ಸ್ವೀಕರಿಸುವವರ ನಂಬರ್ ಕೊಡಿ. ಮೊದಲ ತಿಂಗಳು ಗೊಣಗುತ್ತಾರೆ, ಗೊಣಗಲಿ. ನನ್ನ ಸಭೆಯಲ್ಲೂ ಗೊಣಗಿದರು, ನಂತರ ರೂಢಿಯಾಯಿತು.

ಇಂದು ಮಧ್ಯಾಹ್ನದ ಬೋಧನೆಯನ್ನು ತೆಗೆದುಹಾಕಿದ್ದೇವೆ. ಊಟ ಸಿದ್ಧವಾಗಿದೆ, ಬಡಿಸುವವರು ನಾವು. ಪಕ್ಕದ ಹಾಲ್‌ನಲ್ಲಿ ಚಾಪೆ, ದಿಂಬು ಹಾಕಿದೆ. ಮೊಬೈಲ್‌ಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿಡಿ. ನಾಲ್ಕು ಗಂಟೆಗೆ ಚಹಾ ತಂದು ನಾವೇ ಎಬ್ಬಿಸುತ್ತೇವೆ.