ಮಳೆ ಬಂತೋ, ಬರುತ್ತಿತ್ತೋ?

(ಆನೆಗೊಂದಿ, ತುಂಗಭದ್ರೆಯ ದಂಡೆ. ಹರಿಗೋಲು ಇನ್ನೂ ಆಚೆ ದಡದಲ್ಲಿದೆ. ಗೈಡ್ ಮಲ್ಲಣ್ಣ, ಹೋಂಸ್ಟೇ ನಡೆಸುವ ರೇಣುಕಾ. ಇಬ್ಬರೂ ಸ್ಪ್ಯಾನಿಶ್ ಕಲಿಯುತ್ತಿದ್ದಾರೆ. ನಡುವೆ ಎರಡು ನೋಟ್‌ಬುಕ್, ಒಂದು ಪೊಟ್ಟಣ ಮಿರ್ಚಿ.)

ರೇಣುಕಾ: ಅಣ್ಣ, ‘ಅಯೆರ್ ಯೊವೀಆ ತ್ರೆಸ್ ಓರಾಸ್’ ಅಂತ ಬರೆದಿದ್ದೀರಿ. ತಪ್ಪು. ‘ಯೊವಿಯೋ’ ಆಗಬೇಕು.

ಮಲ್ಲಣ್ಣ: ಏನು ತಪ್ಪು ತಂಗಿ? ನಿನ್ನೆ ಮೂರು ತಾಸು ಮಳೆ ಸುರೀತಾನೇ ಇತ್ತು. ನಡೀತಾ ಇದ್ದದ್ದಕ್ಕೆ ಇಂಪರ್ಫೆಕ್ಟ್ ಅಂತ ನೀನೇ ಹೇಳಿದ್ದೆ.

ರೇಣುಕಾ: ಹೇಳಿದ್ದೆ. ಆದರೆ ನೀವು ಮೂರು ತಾಸು ಅಂತ ಅಳೆದುಬಿಟ್ಟಿರಿ. ಶುರುವಾಯಿತು, ನಿಂತಿತು, ಲೆಕ್ಕ ಮುಗಿಯಿತು. ಅದಕ್ಕೆ ಪ್ರಿಟರಿಟ್.

ಮಲ್ಲಣ್ಣ: ಅಷ್ಟು ಹೊತ್ತು ಸುರಿದದ್ದಕ್ಕೂ?

ರೇಣುಕಾ: ಎಷ್ಟು ಹೊತ್ತಾದರೂ ಇರಲಿ. ವಿಜಯನಗರ ಇನ್ನೂರು ವರ್ಷಕ್ಕೂ ಜಾಸ್ತಿ ರಾಜಧಾನಿಯಾಗಿತ್ತು ಅಂತ ನೀವು ದಿನಾ ಹೇಳುತ್ತೀರಿ, ಅಲ್ವಾ? ಅದಕ್ಕೂ ಪ್ರಿಟರಿಟ್, ‘ಫ್ವೆ’. ‘ವಿಜಯನಗರ ಫ್ವೆ ಲಾ ಕಪಿತಾಲ್ ದುರಾಂತೆ ಮಾಸ್ ದೆ ದೋಸ್ಯೆಂತೋಸ್ ಆನ್ಯೋಸ್.’

ಮಲ್ಲಣ್ಣ: ಮತ್ತೆ ಇಂಪರ್ಫೆಕ್ಟ್ ‘ಎರಾ’ ಯಾವಾಗ?

ರೇಣುಕಾ: ಆ ಕಾಲದ ಒಳಗೇ ನಿಂತು ಸುತ್ತ ನೋಡುವಾಗ. ಊರು ದೊಡ್ಡದಿತ್ತು, ‘ಎರಾ’. ಬಜಾರಿನಲ್ಲಿ ಮುತ್ತು ಮಾರುತ್ತಿದ್ದರು, ‘ವೆಂದೀಆನ್’. 1565ರಲ್ಲಿ ಸುಲ್ತಾನರ ಸೈನ್ಯಗಳು ಬಂದವು, ‘ಯೆಗಾರೋನ್’. ಮಾರುವುದು ಯಾವತ್ತು ಶುರುವಾಯಿತು ಅಂತ ಅಲ್ಲಿ ಯಾರೂ ಕೇಳಲ್ಲ.

ಮಲ್ಲಣ್ಣ: ನಿನ್ನೆ ಹರಿಗೋಲು ಬಂದಾಗ ಮಳೆ ಬರುತ್ತಿತ್ತು. ಇದಕ್ಕೆ?

ರೇಣುಕಾ: ‘ಯೊವೀಆ ಕ್ವಾಂದೋ ಯೆಗೋ ಎಲ್ ಬೋತೆ.’ ಅದೇ ಮಳೆ. ಈ ಸಲ ಅಳೆದಿಲ್ಲ.

ಮಲ್ಲಣ್ಣ (ಅವಳ ನೋಟ್‌ಬುಕ್ ಎಳೆದುಕೊಂಡು): ಈಗ ನನ್ನ ಸರದಿ. ಇದೇನು, ‘ಅಯೆರ್ ಕೊನೊಸೀಆ ಆ ಉನಾ ಸೆನ್ಯೋರಾ’?

ರೇಣುಕಾ: ನಿನ್ನೆ ಹೋಂಸ್ಟೇಗೆ ಒಬ್ಬರು ಬಂದರು, ಪರಿಚಯ ಆಯಿತು...

ಮಲ್ಲಣ್ಣ: ಆಯಿತೋ, ಇತ್ತೋ?

ರೇಣುಕಾ: ಆಯಿತು.

ಮಲ್ಲಣ್ಣ: ಹಾಗಾದರೆ ‘ಕೊನೊಸೀ’! ‘ಕೊನೊಸೀಆ’ ಅಂದರೆ ಮೊದಲೇ ಪರಿಚಯ ಇತ್ತು ಅಂತ. ಗೊತ್ತಿತ್ತು, ‘ಸಬೀಆ’. ಗೊತ್ತಾಯಿತು, ‘ಸುಪೆ’. ಇದನ್ನ ಇಂಗ್ಲಿಷ್ ಪುಸ್ತಕದಲ್ಲಿ ಓದಿ ನಾಲ್ಕು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಕನ್ನಡದಲ್ಲೇ ಇತ್ತು.

ರೇಣುಕಾ (ಎಣ್ಣೆ ಕೈ ಒರೆಸಿಕೊಂಡು ತಿದ್ದುತ್ತಾ): ‘ಇತ್ತು’ ಅನ್ನೋದನ್ನ ಅಷ್ಟು ನಂಬಬೇಡಿ. ರಾಜಧಾನಿಯಾಗಿತ್ತು ಅಂದರೂ ‘ಫ್ವೆ’ ಬಂತಲ್ಲ!

ಮಲ್ಲಣ್ಣ: ಅಲ್ಲಿ ಇನ್ನೂರು ವರ್ಷ ಅಂತ ಗೆರೆ ಎಳೆದಿದ್ದು ನೀನು.

ರೇಣುಕಾ: ಸರಿ, ಒಪ್ಪಿದೆ. ಚಿಕ್ಕವರಿದ್ದಾಗ ದಿನಾ ಇಲ್ಲಿ ಈಜುತ್ತಿದ್ದಿರಲ್ಲ, ಹೇಳಿ ನೋಡೋಣ.

ಮಲ್ಲಣ್ಣ: ‘ದೆ ನಿನ್ಯೋ ನದಾಬಾ ಅಕೀ ತೋದೋಸ್ ಲೋಸ್ ದೀಆಸ್.’ ದಿನಾ ಅಂದೆ, ಅದಕ್ಕೆ ‘ನದಾಬಾ’. ‘ಉನ್ ದೀಆ ಕಾಸಿ ಮೆ ಆಓಗೇ.’ ಒಂದು ದಿನ ಇನ್ನೇನು ಮುಳುಗೇಬಿಡುತ್ತಿದ್ದೆ.

ರೇಣುಕಾ: ವ್ಯಾಕರಣ ಸರಿ ಇದೆ. ಆದರೆ ಟೂರಿಸ್ಟ್‌ಗಳಿಗೆ ಅದನ್ನ ಹರಿಗೋಲು ಇಳಿದ ಮೇಲೆ ಹೇಳಿ ಅಣ್ಣ.